ದಿನಭತ್ಯೆ: ಪ್ರವಾಸದ ಮೊದಲ ಮತ್ತು ಕೊನೆಯ ಅಪೂರ್ಣ ದಿನಗಳ ಲೆಕ್ಕ

ನೌಕರನು ಕಚೇರಿಯ ಇಲ್ಲವೆ ಸಂಸ್ಥೆಯ ಕೆಲಸದ ಮೇಲೆ ತನ್ನ ಊರು ಬಿಟ್ಟು ಹೊರಗಿರಬೇಕಾದಾಗ ಊಟ, ಉಪಾಹಾರ ಮತ್ತು ಅವುಗಳಿಗೆ ಹೊಂದಿಕೊಂಡ ಸಣ್ಣಪುಟ್ಟ ಖರ್ಚಿಗೆಂದು ದಿನಕ್ಕಿಷ್ಟು ಎಂದು ನಿಗದಿ ಮಾಡಿ ಕೊಡುವ ಮೊತ್ತಕ್ಕೆ ದಿನಭತ್ಯೆ ಎಂದು ಹೆಸರು. ಬಸ್ಸು, ರೈಲುಗಳ ಟಿಕೆಟ್ಟಿನ ಹಣ ಇದರಲ್ಲಿ ಸೇರುವುದಿಲ್ಲ. ಅದನ್ನು ಪ್ರಯಾಣ ವೆಚ್ಚವೆಂದು ಬೇರೆಯಾಗಿಯೇ ಕೇಳಬೇಕಾಗುತ್ತದೆ. ನೌಕರನು ಬೆಳಗಿನಿಂದ ರಾತ್ರಿಯವರೆಗೆ ಪರಸ್ಥಳದಲ್ಲೇ ಕಳೆದ ದಿನದ ಭತ್ಯೆಯನ್ನು ಕಟ್ಟುವುದಕ್ಕೆ ಯಾವ ತೊಡಕೂ ಇಲ್ಲ. ಆದರೆ ಪ್ರವಾಸ ಆರಂಭವಾಗುವ ದಿನ ಅವನು ಊಟ ಮುಗಿಸಿಕೊಂಡು ಸಂಜೆಯ ಹೊತ್ತಿಗೆ ಹೊರಟಿರಬಹುದು, ಪ್ರವಾಸ ಮುಗಿಯುವ ದಿನ ಬೆಳಗಿನ ಚಹಾದ ಹೊತ್ತಿಗೇ ಮರಳಿರಬಹುದು; ಆ ಎರಡು ದಿನಗಳಿಗೂ ಪೂರ್ಣ ದರ ಕೊಟ್ಟರೆ ಕೊಡುವವರಿಗೆ ನಷ್ಟ, ಏನೂ ಕೊಡದಿದ್ದರೆ ಹೋದವನಿಗೆ ನಷ್ಟ. ಈ ಅಪೂರ್ಣ ದಿನಗಳನ್ನು ಎಣಿಸುವ ಪದ್ಧತಿಯೇ ದಿನಭತ್ಯೆಯ ನಿಯಮಗಳಲ್ಲಿ ಹೆಚ್ಚು ವಿವಾದಕ್ಕೆ ಒಳಗಾಗುವ ಭಾಗವಾಗಿದೆ.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕ ಬರಲು ಆ ಸೀಮೆಯ ಸ್ಥಾನವೇ ಕಾರಣ. ರಾಜ್ಯದ ರಾಜಧಾನಿಯಾದ ಬೆಂಗಳೂರು ಇಲ್ಲಿಂದ 500 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವುದರಿಂದ ಅಲ್ಲಿಗೆ ಹೋಗುವ ಸರ್ಕಾರಿ ಮತ್ತು ಖಾಸಗಿ ನೌಕರರು ನಿಪ್ಪಾಣಿಯನ್ನು ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯ ರಾತ್ರಿ ಬಸ್ಸುಗಳನ್ನೋ, ಮಿರಜದಿಂದ ರಾಯಬಾಗ, ಘಟಪ್ರಭಾ ಮಾರ್ಗವಾಗಿ ಸಾಗುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಂತಹ ರಾತ್ರಿ ರೈಲನ್ನೋ ಹಿಡಿಯುತ್ತಾರೆ. ಹೀಗಾಗಿ ಎರಡು ದಿನದ ಕೆಲಸಕ್ಕೆ ಪಂಚಾಂಗದ ನಾಲ್ಕು ದಿನಗಳು ತಗಲುತ್ತವೆ, ಅವುಗಳಲ್ಲಿ ಎರಡು ಅಪೂರ್ಣವಾಗಿರುತ್ತವೆ. ಇನ್ನೊಂದು ಕಡೆ ಕೊಲ್ಹಾಪುರ, ಮಿರಜ, ಸಾಂಗಲಿ ಪಟ್ಟಣಗಳು ಗಡಿಯಾಚೆಯೇ ಇರುವುದರಿಂದ ಅಲ್ಲಿಗೆ ಹೋದವರು ಅದೇ ದಿನ ಮರಳುತ್ತಾರೆ, ಆಗ ಮೊದಲ ದಿನವೂ ಕೊನೆಯ ದಿನವೂ ಒಂದೇ ಆಗಿ ಇಡೀ ಪ್ರವಾಸವೇ ಒಂದು ಅಪೂರ್ಣ ದಿನವಾಗುತ್ತದೆ.

ಚಿಕ್ಕೋಡಿಯಿಂದ ಬೆಂಗಳೂರಿಗೆ ಹೊರಟ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತ ಮೂವರಿಗೆ ಮೂರು ಬೇರೆ ನಿಯಮಗಳು ಅನ್ವಯಿಸಬಹುದು. ಅಂಚೆ, ರೈಲ್ವೆಯಂತಹ ಕೇಂದ್ರ ಇಲಾಖೆಯ ನೌಕರನು ಕೇಂದ್ರ ಸರ್ಕಾರದ ಆದೇಶಗಳಿಗೆ ಒಳಪಟ್ಟವನು. ತಾಲ್ಲೂಕು ಕಚೇರಿ, ಶಾಲೆ, ಕೃಷಿ ಇಲಾಖೆಗಳಲ್ಲಿರುವವನು ಕರ್ನಾಟಕ ನಾಗರಿಕ ಸೇವಾ ನಿಯಮಗಳ ಪ್ರಯಾಣ ಭತ್ಯೆಯ ಭಾಗಕ್ಕೆ ಒಳಪಡುತ್ತಾನೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತದಲ್ಲಿದ್ದ ಈ ತಾಲ್ಲೂಕುಗಳ ಸರ್ಕಾರಿ ನೌಕರರು 1958ರಲ್ಲಿ ಮೈಸೂರು ನಾಗರಿಕ ಸೇವಾ ನಿಯಮಗಳೆಂದು ಬಂದ ಈ ನಿಯಮಾವಳಿಯ ಕೆಳಗೆ ಬಂದರು, ಅದರ ದರಗಳು ನೌಕರನ ವೇತನದ ಗುಂಪನ್ನೂ ಹೋದ ಊರಿನ ದರ್ಜೆಯನ್ನೂ ಅವಲಂಬಿಸಿವೆ. ಸಕ್ಕರೆ ಕಾರ್ಖಾನೆಯ ಲೆಕ್ಕಿಗ ಅಥವಾ ಔಷಧ ಕಂಪನಿಯ ಪ್ರತಿನಿಧಿಯಂತಹ ಖಾಸಗಿ ನೌಕರನಿಗೆ ಆಯಾ ಸಂಸ್ಥೆ ಬರೆದುಕೊಂಡ ನಿಯಮವೇ ಪ್ರಮಾಣ. ಈ ಮೂರರಲ್ಲಿ ಅಪೂರ್ಣ ದಿನದ ಎಣಿಕೆಯನ್ನು ಅತ್ಯಂತ ಸ್ಪಷ್ಟವಾಗಿ ಬಿಡಿಸಿ ಹೇಳಿರುವುದು ಕೇಂದ್ರದ ಆದೇಶವಾದ್ದರಿಂದ ಈ ಲೇಖನದಲ್ಲಿ ಅದನ್ನೇ ಮುಖ್ಯವಾಗಿ ಇಟ್ಟುಕೊಳ್ಳಲಾಗಿದೆ.

7ನೇ ಕೇಂದ್ರ ವೇತನ ಆಯೋಗದ ಶಿಫಾರಸುಗಳ ಮೇಲೆ ಕೇಂದ್ರ ಹಣಕಾಸು ಸಚಿವಾಲಯವು 2017ರ ಜುಲೈ 13ರಂದು ಹೊರಡಿಸಿದ ಆದೇಶವು ದಿನಭತ್ಯೆಯನ್ನು ಮೂರು ಅಂಗಗಳಾಗಿ ಒಡೆಯುತ್ತದೆ: ತಂಗುವ ಕೊಠಡಿಯ ಬಾಡಿಗೆ, ಹೋದ ಊರಿನೊಳಗಿನ ಓಡಾಟದ ಖರ್ಚು ಮತ್ತು ಊಟದ ಖರ್ಚು. ಮೊದಲಿನ ಎರಡು ಅಂಗಗಳು ಆದ ಖರ್ಚನ್ನು ಮಿತಿಯೊಳಗೆ ತುಂಬಿಕೊಡುವ ಬಾಬತ್ತುಗಳು. ಅಪೂರ್ಣ ದಿನದ ಪ್ರಮಾಣ ಅವಕ್ಕೆ ತಟ್ಟುವುದಿಲ್ಲ. ಊಟದ ಅಂಗ ಮಾತ್ರ ಇಡಿಗಂಟಿನ ಮೊತ್ತವಾಗಿದೆ, ಅಂದರೆ ನೌಕರನು ಅದರಲ್ಲಿ ಎಷ್ಟು ಉಂಡನು, ಎಷ್ಟು ಉಳಿಸಿದನು ಎಂಬುದನ್ನು ಯಾರೂ ಕೇಳುವುದಿಲ್ಲ, ಖಾನಾವಳಿಯ ಚೀಟಿಯನ್ನೂ ಲಗತ್ತಿಸಬೇಕಾಗಿಲ್ಲ. ಚೀಟಿ ಕೇಳುವುದನ್ನು ಕೈಬಿಟ್ಟ ಮೇಲೆ ಮೊತ್ತವನ್ನು ಅಳೆಯಲು ಇನ್ನೊಂದು ಆಧಾರ ಬೇಕಾಯಿತು, ಆ ಆಧಾರವೇ ಕಾಲ. ಭಾರತೀಯ ರೈಲ್ವೆಯಲ್ಲಿ ಆಗಲೇ ರೂಢಿಯಲ್ಲಿದ್ದ ಪದ್ಧತಿಯನ್ನು ಅನುಸರಿಸಿ ಈ ಮಾರ್ಗವನ್ನು ಹಿಡಿಯಲಾಗಿದೆ ಎಂದು ಆದೇಶವೇ ಹೇಳುತ್ತದೆ.

ಊಟದ ಇಡಿಗಂಟು ವೇತನ ಹಂತ 5 ಮತ್ತು ಅದಕ್ಕಿಂತ ಕೆಳಗಿನವರಿಗೆ ದಿನಕ್ಕೆ 500 ರೂಪಾಯಿ, 6ರಿಂದ 8ನೇ ಹಂತದವರಿಗೆ 800, 9ರಿಂದ 11ರವರೆಗೆ 900, 12 ಮತ್ತು 13ಕ್ಕೆ 1,000, ಅದಕ್ಕೂ ಮೇಲಿನವರಿಗೆ 1,200 ಎಂದು ನಿಗದಿಯಾಯಿತು. ತುಟ್ಟಿಭತ್ಯೆ ಪ್ರತಿಸಲ ಶೇ. 50ರಷ್ಟು ಏರಿದಾಗ ಈ ದರಗಳೂ ಶೇ. 25ರಷ್ಟು ಏರಬೇಕೆಂದು ಅದೇ ಆದೇಶದಲ್ಲಿ ಹೇಳಿದೆ. 2024ರ ಜನವರಿ 1ರಿಂದ ತುಟ್ಟಿಭತ್ಯೆ ಶೇ. 50 ಮುಟ್ಟಿದ್ದರಿಂದ 6ರಿಂದ 8ನೇ ಹಂತದವರ 800 ರೂಪಾಯಿಯ ದರ ಈ ಸೂತ್ರದಂತೆ 1,000 ರೂಪಾಯಿ ಆಗುತ್ತದೆ. ಮುಂದಿನ ಉದಾಹರಣೆಗಳಲ್ಲಿ ಈ 1,000 ರೂಪಾಯಿಯ ದರವನ್ನೇ ಹಿಡಿಯಲಾಗಿದೆ, ಏಕೆಂದರೆ ಅದರಲ್ಲಿ ಶೇಕಡಾ ಪ್ರಮಾಣಗಳನ್ನು ರೂಪಾಯಿಯಾಗಿ ಓದುವುದು ಸುಲಭ.

ಕಾಲದ ಅಳತೆಯು ಎರಡು ನಿಯಮಗಳ ಮೇಲೆ ನಿಂತಿದೆ. ಕೇಂದ್ರಸ್ಥಾನದಿಂದ ದೂರವಿದ್ದ ಅವಧಿ 6 ತಾಸಿಗಿಂತ ಕಡಿಮೆಯಿದ್ದರೆ ದರದ ಶೇ. 30, 6ರಿಂದ 12 ತಾಸು ಇದ್ದರೆ ಶೇ. 70, 12 ತಾಸು ಮೀರಿದ್ದರೆ ಪೂರ್ಣ ಮೊತ್ತ ಸಲ್ಲುತ್ತದೆ ಎಂಬುದು ಒಂದು. ಈ ಅವಧಿಯನ್ನು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಣಿಸಿ ಪ್ರತಿಯೊಂದು ದಿನಕ್ಕೂ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು ಎಂಬುದು ಇನ್ನೊಂದು. ಮೊದಲನೆಯ ನಿಯಮ ಎಲ್ಲರ ಬಾಯಲ್ಲೂ ಇರುತ್ತದೆ. ಎರಡನೆಯದನ್ನು ಮರೆಯುವುದರಿಂದಲೇ ಹೆಚ್ಚಿನ ಬಿಲ್ಲುಗಳು ಆಕ್ಷೇಪಣೆಯೊಂದಿಗೆ ಹಿಂದಕ್ಕೆ ಬರುತ್ತವೆ. ಹಿಂದೆ ಕೇಂದ್ರದ ನಿಯಮಗಳಲ್ಲಿ 6 ತಾಸು ಮೀರದ ಗೈರುಹಾಜರಿಗೆ ಏನೂ ಸಲ್ಲದೆ, 6 ಮೀರಿ 12ರವರೆಗೆ ಶೇ. 70, ಅನಂತರ ಪೂರ್ಣ ಎಂಬ ಏರ್ಪಾಡು ಇತ್ತು. ಈಗಿನ ಶೇ. 30ರ ಮೆಟ್ಟಿಲು ರಾತ್ರಿ ಪ್ರಯಾಣ ಮಾಡುವ ಈ ಸೀಮೆಯ ನೌಕರರಿಗೆ ನಿಜವಾದ ಅನುಕೂಲವನ್ನು ಒದಗಿಸಿದೆ.

ಇಲ್ಲಿ ಗೈರುಹಾಜರಿ ಎಂದರೆ ಕೇಂದ್ರಸ್ಥಾನದಲ್ಲಿ ಇಲ್ಲದಿರುವುದು, ಕೆಲಸಕ್ಕೆ ಬಾರದಿರುವುದಲ್ಲ. ಕೇಂದ್ರಸ್ಥಾನವೆಂದರೆ ನೌಕರನ ಕಾಯಂ ಕೆಲಸದ ಸ್ಥಳ. ಆ ಸ್ಥಳದಿಂದ 8 ಕಿಲೋಮೀಟರ್ ವ್ಯಾಪ್ತಿಯೊಳಗಿನ ಓಡಾಟ ಪ್ರವಾಸವೆನಿಸುವುದಿಲ್ಲವಾದ್ದರಿಂದ ಅದಕ್ಕೆ ದಿನಭತ್ಯೆಯ ಪ್ರಶ್ನೆಯೂ ಏಳುವುದಿಲ್ಲ. ಎಣಿಕೆ ಶುರುವಾಗುವುದು ಕೇಂದ್ರಸ್ಥಾನವನ್ನು ಬಿಟ್ಟ ಗಳಿಗೆಯಿಂದ, ಮುಗಿಯುವುದು ಅಲ್ಲಿಗೆ ಮರಳಿದ ಗಳಿಗೆಗೆ. ಪ್ರಯಾಣದಲ್ಲಿ ಕಳೆದ ಹೊತ್ತು ಇದರಲ್ಲಿ ಸೇರಿಯೇ ಇರುತ್ತದೆ, ಬೆಂಗಳೂರು ಮುಟ್ಟಿದ ಮೇಲೆಯೇ ತಾಸುಗಳನ್ನು ಎಣಿಸಬೇಕೆಂದು ತಿಳಿದು ತಮ್ಮ ಪಾಲನ್ನು ತಾವೇ ಬಿಟ್ಟುಕೊಡುವ ಹೊಸ ನೌಕರರು ಪ್ರತಿ ಕಚೇರಿಯಲ್ಲೂ ಸಿಗುತ್ತಾರೆ. ದಾರಿಯಲ್ಲಿ ಧಾಬಾದಲ್ಲಿ ಉಂಡ ಊಟಕ್ಕೂ ಹಣ ಬೇಕಾಗುತ್ತದೆಂಬ ಸರಳ ಕಾರಣವೇ ಈ ನಿಯಮದ ಹಿಂದಿದೆ.

ಒಂದು ಪ್ರವಾಸವನ್ನು ಇಡಿಯಾಗಿ ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಚಿಕ್ಕೋಡಿ ತಾಲ್ಲೂಕಿನ ಕರೋಶಿಯಲ್ಲಿ ಮನೆಯುಳ್ಳ, ಚಿಕ್ಕೋಡಿಯ ಕೇಂದ್ರ ಕಚೇರಿಯೊಂದರಲ್ಲಿ 6ನೇ ಹಂತದ ವೇತನದಲ್ಲಿರುವ ನೌಕರನೊಬ್ಬನಿಗೆ ಮಂಗಳವಾರ ಮತ್ತು ಬುಧವಾರ ಬೆಂಗಳೂರಿನಲ್ಲಿ ತರಬೇತಿ ಇದೆಯೆಂದು ಇಟ್ಟುಕೊಳ್ಳೋಣ. ಅವನು ಸೋಮವಾರ ಕಚೇರಿಯ ಕೆಲಸ ಮುಗಿಸಿ ರಾತ್ರಿ 8 ಗಂಟೆಯ ಬಸ್ಸಿಗೆ ಚಿಕ್ಕೋಡಿ ಬಿಡುತ್ತಾನೆ, ಮಂಗಳವಾರ ಬೆಳಿಗ್ಗೆ ಬೆಂಗಳೂರು ಮುಟ್ಟಿ ಎರಡು ದಿನ ತರಬೇತಿ ಮುಗಿಸಿ ಬುಧವಾರ ರಾತ್ರಿ 9ಕ್ಕೆ ಬಸ್ಸು ಹತ್ತಿ ಗುರುವಾರ ಬೆಳಿಗ್ಗೆ 8:30ಕ್ಕೆ ಚಿಕ್ಕೋಡಿಯಲ್ಲಿ ಇಳಿಯುತ್ತಾನೆ. ಸೋಮವಾರ ರಾತ್ರಿ 8ರಿಂದ ಮಧ್ಯರಾತ್ರಿಯವರೆಗೆ 4 ತಾಸು, ಅಂದರೆ 6ಕ್ಕಿಂತ ಕಡಿಮೆ, ಆದ್ದರಿಂದ 300 ರೂಪಾಯಿ. ಮಂಗಳವಾರ ಮತ್ತು ಬುಧವಾರ ಇಡೀ 24 ತಾಸೂ ಅವನು ಹೊರಗಿದ್ದುದರಿಂದ ತಲಾ 1,000 ರೂಪಾಯಿ. ಗುರುವಾರ ಮಧ್ಯರಾತ್ರಿಯಿಂದ ಬೆಳಿಗ್ಗೆ 8:30ರವರೆಗೆ ಎಂಟೂವರೆ ತಾಸು, ಅದು 6 ಮತ್ತು 12ರ ನಡುವೆ ಬರುವುದರಿಂದ 700 ರೂಪಾಯಿ. ನಾಲ್ಕನ್ನೂ ಕೂಡಿಸಿದರೆ ಊಟದ ಬಾಬತ್ತು 3,000 ರೂಪಾಯಿ ಆಗುತ್ತದೆ. ಹಿಂದಿನ ನಿಯಮದ ಪ್ರಮಾಣಗಳನ್ನು ಇದೇ ದರಕ್ಕೆ ಹಚ್ಚಿದ್ದರೆ ಸೋಮವಾರದ ಪಾಲು ಸೊನ್ನೆಯಾಗಿ ಮೊತ್ತ 2,700ಕ್ಕೆ ಇಳಿಯುತ್ತಿತ್ತು.

ಇದೇ ಪ್ರವಾಸದಲ್ಲಿ ಗುರುವಾರದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು ಚಿಕ್ಕೋಡಿಗೆ ಮಧ್ಯಾಹ್ನ 12:20ಕ್ಕೆ ಬಂದಿದ್ದರೆ ಆ ದಿನದ ಅವಧಿ 12 ತಾಸು ಮೀರಿ ಪೂರ್ಣ 1,000 ರೂಪಾಯಿ ಸಲ್ಲುತ್ತದೆ, 11:40ಕ್ಕೆ ಬಂದಿದ್ದರೆ 700 ಮಾತ್ರ. ಈ ನಲವತ್ತು ನಿಮಿಷದಲ್ಲಿ 300 ರೂಪಾಯಿಯ ವ್ಯತ್ಯಾಸವಿದೆ, ಆದರೆ ಬೆಳಿಗ್ಗೆ 6:10ಕ್ಕೆ ಬಂದರೂ 11:40ಕ್ಕೆ ಬಂದರೂ ಮೊತ್ತ ಒಂದೇ. ಮೆಟ್ಟಿಲುಗಳ ಪದ್ಧತಿಯ ಸ್ವಭಾವವೇ ಇದು: ಮೆಟ್ಟಿಲಿನ ಅಂಚಿನಲ್ಲಿ ನಿಮಿಷಗಳಿಗೆ ಬೆಲೆ ಬರುತ್ತದೆ, ನಡುವೆ ತಾಸುಗಳಿಗೂ ಬೆಲೆಯಿಲ್ಲ. ಕರೋಶಿಯ ಮನೆಯ ಪ್ರಶ್ನೆ ಏಳುವುದೂ ಈ ಅಂಚಿನಲ್ಲಿಯೇ. 11:40ಕ್ಕೆ ಚಿಕ್ಕೋಡಿಯಲ್ಲಿ ಇಳಿದವನು ಇನ್ನೊಂದು ಬಸ್ಸು ಹಿಡಿದು ಕರೋಶಿಯ ಮನೆ ಮುಟ್ಟುವಾಗ 12:30 ಆಗಿದ್ದರೂ ಆ ಹೆಚ್ಚಿನ ಹೊತ್ತನ್ನು ಸೇರಿಸಿ 12 ತಾಸು ಮೀರಿತೆಂದು ಬರೆಯುವಂತಿಲ್ಲ, ಏಕೆಂದರೆ ಅಳತೆಯ ಎರಡೂ ತುದಿ ಕೇಂದ್ರಸ್ಥಾನವಾದ ಚಿಕ್ಕೋಡಿಯಲ್ಲಿವೆ. ದಿನನಿತ್ಯ ಮನೆಯಿಂದ ಕಚೇರಿಗೆ ಓಡಾಡುವ ದಾರಿಯನ್ನು ಪ್ರವಾಸದ ಭಾಗವೆಂದು ಎಣಿಸುವುದು ನ್ಯಾಯವೂ ಅಲ್ಲ.

ಮಧ್ಯರಾತ್ರಿಯ ಗೆರೆ ಇದಕ್ಕಿಂತ ವಿಚಿತ್ರವಾದ ಫಲಗಳನ್ನು ಕೊಡುತ್ತದೆ. ಸಂಜೆ 5ಕ್ಕೆ ಹೊರಟು ಮರುದಿನ ಬೆಳಿಗ್ಗೆ 7ಕ್ಕೆ ಮರಳಿದ ನೌಕರನು ಒಟ್ಟು 14 ತಾಸು ಹೊರಗಿದ್ದಾನೆ. ಅದನ್ನು ಒಂದೇ ಅವಧಿಯೆಂದು ಎಣಿಸಿದರೆ ಒಂದು ಪೂರ್ಣ ದಿನದ ಭತ್ಯೆ, 1,000 ರೂಪಾಯಿ. ಆದರೆ ನಿಯಮದಂತೆ ಮೊದಲ ದಿನ 7 ತಾಸು, ಎರಡನೆಯ ದಿನ 7 ತಾಸು, ಎರಡೂ ಶೇ. 70ರ ಮೆಟ್ಟಿಲಿಗೆ ಬಂದು ಒಟ್ಟು 1,400 ರೂಪಾಯಿ ಆಗುತ್ತದೆ. ಇದಕ್ಕೆ ವಿರುದ್ಧವಾಗಿ ರಾತ್ರಿ 8ಕ್ಕೆ ಹೊರಟು ನಸುಕಿನ 4ಕ್ಕೆ ಮರಳಿದವನ 8 ತಾಸನ್ನು ಒಟ್ಟಾಗಿ ಎಣಿಸಿದ್ದರೆ 700 ಸಿಗುತ್ತಿತ್ತು. ಮಧ್ಯರಾತ್ರಿಯಲ್ಲಿ ಕತ್ತರಿಸಿದಾಗ ನಾಲ್ಕು ನಾಲ್ಕು ತಾಸಿನ ಎರಡು ತುಂಡುಗಳಾಗಿ 600 ಮಾತ್ರ ಸಿಗುತ್ತದೆ. ಮಿರಜದಿಂದ ಸರಕು ತುಂಬಿಸಿಕೊಂಡು ಬರಲು, ಇಲ್ಲವೆ ತಡರಾತ್ರಿ ಬರುವ ಅಧಿಕಾರಿಯನ್ನು ನಿಲ್ದಾಣದಿಂದ ಕರೆತರಲು ಹೋದವರ ಲೆಕ್ಕ ಹೀಗೆಯೇ ಇರುತ್ತದೆ. ರಾತ್ರಿ 11:45ಕ್ಕೆ ಊರು ಬಿಟ್ಟವನಿಗೆ ಹದಿನೈದು ನಿಮಿಷದ ಆ ದಿನಕ್ಕೂ 300 ರೂಪಾಯಿ ಸಲ್ಲುತ್ತದೆ, ಅದೇ ಬಸ್ಸು ತಡವಾಗಿ 12:15ಕ್ಕೆ ಹೊರಟರೆ ಆ ಪಾಲು ಇಲ್ಲವಾಗುತ್ತದೆ. ಈ ವಿಷಮತೆಗಳನ್ನು ನಿಯಮದ ದೋಷವೆಂದು ಹೇಳಬಹುದಾದರೂ, ಯಾರ ಕೈಯಲ್ಲೂ ಬದಲಾಗದ ಒಂದು ಗೆರೆಯನ್ನು ಹಿಡಿಯುವುದರಿಂದ ಪರಿಶೀಲನೆ ಸುಲಭವಾಗುತ್ತದೆ ಎಂಬ ಲಾಭ ಅದಕ್ಕಿಂತ ದೊಡ್ಡದು.

ಗಡಿಯಾಚೆಗೆ ಹಗಲಿನಲ್ಲೇ ಹೋಗಿ ಬರುವ ಹತ್ತಿರದ ಪ್ರವಾಸಗಳಲ್ಲಿ ಮಧ್ಯರಾತ್ರಿಯ ಪ್ರಶ್ನೆಯಿಲ್ಲ, 6 ತಾಸಿನ ಅಂಚು ಮಾತ್ರ ಮುಖ್ಯ. ಬೆಳಿಗ್ಗೆ 9:30ಕ್ಕೆ ಚಿಕ್ಕೋಡಿ ಬಿಟ್ಟು ಕೊಲ್ಹಾಪುರದ ಕೆಲಸ ಮುಗಿಸಿ 3 ಗಂಟೆಗೆ ಮರಳಿದರೆ ಐದೂವರೆ ತಾಸು, 300 ರೂಪಾಯಿ. ಸಂಜೆ 6ಕ್ಕೆ ಮರಳಿದರೆ 700. ರಾಜ್ಯದ ಗಡಿ ದಾಟಿದ್ದರಿಂದ ಈ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ. ಕೇಂದ್ರದ ಊಟದ ದರ ಹಂತವನ್ನು ನೋಡುತ್ತದೆಯೇ ಹೊರತು ಊರನ್ನು ನೋಡುವುದಿಲ್ಲ.

ಪಂಚಾಂಗದ ದಿನವನ್ನು ತಾಸುಗಳ ಮೆಟ್ಟಿಲಿನಿಂದ ಅಳೆಯುವ ಈ ಪದ್ಧತಿಯ ಜೊತೆಗೆ ಬೇರೆ ದೇಶಗಳಲ್ಲಿ ಇನ್ನೆರಡು ಪದ್ಧತಿಗಳು ಬಳಕೆಯಲ್ಲಿವೆ. ಮೊದಲನೆಯದರಲ್ಲಿ ಗಡಿಯಾರವನ್ನು ನೋಡುವುದೇ ಇಲ್ಲ. ಅಮೆರಿಕದ ಸಂಯುಕ್ತ ಸರ್ಕಾರವು ತನ್ನ ನೌಕರರಿಗೆ ಪ್ರವಾಸದ ಮೊದಲ ಮತ್ತು ಕೊನೆಯ ದಿನಗಳಿಗೆ, ಅವರು ಯಾವ ಹೊತ್ತಿಗೆ ಹೊರಟರೂ ಯಾವ ಹೊತ್ತಿಗೆ ಮರಳಿದರೂ, ಊಟ ಮತ್ತು ಸಣ್ಣ ಖರ್ಚಿನ ದರದ ಶೇ. 75ನ್ನು ಕೊಡುತ್ತದೆ. ಜರ್ಮನಿಯ ತೆರಿಗೆ ನಿಯಮದಲ್ಲಿ ರಾತ್ರಿ ತಂಗುವ ಪ್ರವಾಸದ ಹೋಗುವ ದಿನಕ್ಕೂ ಬರುವ ದಿನಕ್ಕೂ ಪೂರ್ಣ ದಿನದ ಅರ್ಧ, ಅಂದರೆ 28 ಯೂರೋದ ಬದಲು 14 ಯೂರೋ ಸಲ್ಲುತ್ತದೆ. ಒಂದೇ ದಿನದ ಪ್ರವಾಸಕ್ಕೆ ಮಾತ್ರ 8 ತಾಸು ಮೀರಿರಬೇಕೆಂಬ ಷರತ್ತು ಇದೆ. ಚಿಕ್ಕೋಡಿಯ ನೌಕರನ ನಾಲ್ಕು ದಿನಗಳಿಗೆ 1,000 ರೂಪಾಯಿಯ ದರದಲ್ಲಿ ಅಮೆರಿಕದ ಪ್ರಮಾಣವನ್ನು ಹಚ್ಚಿದರೆ 3,500, ಜರ್ಮನಿಯದನ್ನು ಹಚ್ಚಿದರೆ 3,000 ರೂಪಾಯಿ ಬರುತ್ತದೆ. ಈ ಪದ್ಧತಿಯಲ್ಲಿ ಸಮಯ ಬರೆಯುವ, ಅದನ್ನು ಸಾಬೀತುಪಡಿಸುವ ಗೋಜು ತಪ್ಪುತ್ತದೆ, ಆದರೆ ಮಧ್ಯರಾತ್ರಿಗೆ ಅರ್ಧ ತಾಸು ಮುಂಚೆ ಹೊರಟವನೂ ನಸುಕಿನಲ್ಲೇ ಹೊರಟವನೂ ಒಂದೇ ತಕ್ಕಡಿಯಲ್ಲಿ ಕುಳಿತುಬಿಡುತ್ತಾರೆ.

ಎರಡನೆಯ ಪದ್ಧತಿಯಲ್ಲಿ ಪಂಚಾಂಗದ ದಿನವನ್ನು ಬಿಟ್ಟು ಹೊರಟ ಗಳಿಗೆಯಿಂದ 24 ತಾಸಿನ ಪ್ರವಾಸದಿನಗಳನ್ನು ಕಟ್ಟಲಾಗುತ್ತದೆ. ಫಿನ್ಲೆಂಡಿನಲ್ಲಿ ಹೀಗೆ ಕಟ್ಟಿದ ಪೂರ್ಣ ದಿನಗಳ ಮೇಲೆ ಉಳಿದ ಅವಧಿ ಕನಿಷ್ಠ 2 ತಾಸು ಇದ್ದರೆ ಭಾಗಶಃ ಭತ್ಯೆ, 6 ತಾಸು ಮೀರಿದ್ದರೆ ಮತ್ತೊಂದು ಪೂರ್ಣ ಭತ್ಯೆ ಸಲ್ಲುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ ಒಂದು ದಿನ ಮೀರಿದ ಪ್ರವಾಸದಲ್ಲಿ ಮೊದಲ ದಿನ ಎಂದೂ ಅಪೂರ್ಣವಾಗುವುದಿಲ್ಲ. ದಿನವೇ ನೌಕರನೊಡನೆ ಹೊರಡುವುದರಿಂದ ಮಿಕ್ಕುವ ತುಂಡು ಯಾವಾಗಲೂ ಕೊನೆಯಲ್ಲಿ ಒಂದೇ ಇರುತ್ತದೆ. ಸೋಮವಾರ ರಾತ್ರಿ 8ರಿಂದ ಗುರುವಾರ ಬೆಳಿಗ್ಗೆ 8:30ರವರೆಗಿನ ಅರವತ್ತೂವರೆ ತಾಸು ಈ ಎಣಿಕೆಯಲ್ಲಿ ಎರಡು ಪೂರ್ಣ ದಿನ ಮತ್ತು ಹನ್ನೆರಡೂವರೆ ತಾಸು ಆಗುತ್ತದೆ, ಆ ಶೇಷಕ್ಕೂ ಪೂರ್ಣ ದರ ಬಂದು ಮೊತ್ತ 3,000ಕ್ಕೇ ನಿಲ್ಲುತ್ತದೆ. ಕೇಂದ್ರದ ನಿಯಮವನ್ನು ಓದದೆ ಕೇವಲ ತಾಸುಗಳ ಮೆಟ್ಟಿಲನ್ನು ಕೇಳಿ ತಿಳಿದ ನೌಕರರು ತಮಗರಿವಿಲ್ಲದೆ ಅನುಸರಿಸುವುದು ಈ ಎಣಿಕೆಯನ್ನೇ. ಅವರ ಬಿಲ್ಲು ಕೆಲವೊಮ್ಮೆ ಆಕಸ್ಮಿಕವಾಗಿ ಸರಿಹೋಗುತ್ತದೆ. ಬಸ್ಸು ಒಂದು ತಾಸು ಮುಂಚೆ, 7:30ಕ್ಕೆ ಚಿಕ್ಕೋಡಿ ಮುಟ್ಟಿದ ವಾರ ಶೇಷ ಹನ್ನೊಂದೂವರೆ ತಾಸಿಗೆ ಇಳಿದು, ಶೇ. 70ರಂತೆ 2,700 ಎಂದು ಬರೆದು 300 ರೂಪಾಯಿಯನ್ನು ಕಳೆದುಕೊಳ್ಳುತ್ತಾರೆ, ಏಕೆಂದರೆ ಸರಿಯಾದ ಎಣಿಕೆಯಲ್ಲಿ ಆಗಲೂ 3,000 ರೂಪಾಯಿಯೇ ಸಲ್ಲಬೇಕು.

ಖರ್ಚಿನ ಚೀಟಿ ಬೇಡವಾದ ಪದ್ಧತಿಯಲ್ಲಿ ಸಾಕ್ಷ್ಯವೆಲ್ಲವೂ ಸಮಯದ ಮೇಲೆ ನಿಲ್ಲುತ್ತದೆ. ಪ್ರಯಾಣ ಭತ್ಯೆಯ ಬಿಲ್ಲಿನಲ್ಲಿ ಹೊರಟ ಸ್ಥಳ, ದಿನಾಂಕ ಮತ್ತು ಗಂಟೆ, ಮುಟ್ಟಿದ ಸ್ಥಳ, ದಿನಾಂಕ ಮತ್ತು ಗಂಟೆ, ಪ್ರಯಾಣದ ಸಾಧನ, ಕೊಟ್ಟ ದರ, ಪ್ರವಾಸದ ಉದ್ದೇಶ ಇವುಗಳಿಗೆ ಬೇರೆ ಬೇರೆ ಅಂಕಣಗಳಿರುತ್ತವೆ. ಪ್ರತಿಯೊಂದು ಹಾಯುವಿಕೆಗೂ ಒಂದು ಸಾಲು ಬರೆಯಬೇಕು. ಬೆಂಗಳೂರಿಗೆ ಹೋಗಿ ಬಂದ ಪ್ರವಾಸವನ್ನು ಒಂದೇ ಸಾಲಿನಲ್ಲಿ ಸೋಮವಾರದಿಂದ ಗುರುವಾರ ಎಂದು ಬರೆದರೆ ಅಪೂರ್ಣ ದಿನಗಳ ಪ್ರಮಾಣವನ್ನು ಯಾರೂ ಪರಿಶೀಲಿಸಲಾರರು. ಬಿಲ್ಲಿಗೆ ಮೇಲುಸಹಿ ಹಾಕುವ ನಿಯಂತ್ರಣಾಧಿಕಾರಿ ಈ ಗಂಟೆಗಳನ್ನು ಟಿಕೆಟ್ಟಿನಲ್ಲಿರುವ ಗಂಟೆಯೊಂದಿಗೆ, ಹಾಜರಾತಿಯೊಂದಿಗೆ ಮತ್ತು ತರಬೇತಿ ಕೇಂದ್ರ ಕೊಟ್ಟ ಪ್ರಮಾಣಪತ್ರದೊಂದಿಗೆ ತಾಳೆ ನೋಡುತ್ತಾನೆ. ರಾತ್ರಿ 8ರ ಬಸ್ಸು ಹಿಡಿದಿದ್ದರೂ ಸೋಮವಾರ ಮಧ್ಯಾಹ್ನ 3ಕ್ಕೇ ಊರು ಬಿಟ್ಟೆನೆಂದು ಬರೆದವನ ಸಹಿ ಕಚೇರಿಯ ಪುಸ್ತಕದಲ್ಲಿ ಸಂಜೆ 5ಕ್ಕೆ ಇದ್ದರೆ, ಶೇ. 70 ಕೇಳಲೆಂದೇ ಗಂಟೆಯನ್ನು ಹಿಂದಕ್ಕೆ ಎಳೆಯಲಾಗಿದೆ ಎಂಬುದು ಆ ಒಂದು ಸಾಲಿನಿಂದಲೇ ಬಯಲಾಗುತ್ತದೆ.

ಟಿಕೆಟ್ಟಿನಲ್ಲಿ ಅಚ್ಚಾಗುವುದು ಬಸ್ಸು ಹೊರಡಬೇಕಾದ ಗಂಟೆ, ಹೊರಟ ಗಂಟೆಯಲ್ಲ. ಮರಳಿ ಮುಟ್ಟಿದ ಗಂಟೆಯಂತೂ ಅದರಲ್ಲಿ ಇರುವುದೇ ಇಲ್ಲ. ಬಸ್ಸು ತಡವಾಗಿ ಮೆಟ್ಟಿಲಿನ ಅಂಚು ದಾಟಿದ ದಿನ ನೌಕರನು ಆ ತಡವನ್ನೂ ಅದರ ಕಾರಣವನ್ನೂ ಬಿಲ್ಲಿನ ಷರಾ ಅಂಕಣದಲ್ಲಿ ಒಂದು ವಾಕ್ಯದಲ್ಲಿ ಬರೆದಿಟ್ಟರೆ ಆಕ್ಷೇಪಣೆಗೆ ಎಡೆ ಕಡಿಮೆಯಾಗುತ್ತದೆ, ರೈಲಿನಲ್ಲಾದರೆ ತಡವಾಗಿ ಬಂದ ದಾಖಲೆ ಇಲಾಖೆಯಲ್ಲೇ ಸಿಗುತ್ತದೆ. ಮಧ್ಯರಾತ್ರಿ ದಾಟಿ ಹೊರಡುವ ಬಸ್ಸಿನ ದಿನಾಂಕ ಇನ್ನೊಂದು ತೊಡಕು. ಸೋಮವಾರ ರಾತ್ರಿ ಎಂದು ಎಲ್ಲರೂ ಮಾತಿನಲ್ಲಿ ಹೇಳುವ 12:30ರ ಬಸ್ಸು ಲೆಕ್ಕದಲ್ಲಿ ಮಂಗಳವಾರದ್ದು. ಅದನ್ನು ಸೋಮವಾರದ ದಿನಾಂಕದಲ್ಲಿ ಬರೆದರೆ ಇಲ್ಲದ ಒಂದು ಅಪೂರ್ಣ ದಿನ ಹುಟ್ಟಿಕೊಂಡು 300 ರೂಪಾಯಿ ಹೆಚ್ಚು ಕೇಳಿದಂತಾಗುತ್ತದೆ, ಅದು ಕೈತಪ್ಪಿನಿಂದ ಆದದ್ದಾದರೂ ವಸೂಲಿಗೆ ದಾರಿಯಾಗುತ್ತದೆ. ಪ್ರವಾಸದ ನಡುವೆ ಸಾಂದರ್ಭಿಕ ರಜೆ ಹಾಕಿ ಉಳಿದ ದಿನಕ್ಕೆ ದಿನಭತ್ಯೆ ಸಲ್ಲುವುದಿಲ್ಲವಾದ್ದರಿಂದ, ತರಬೇತಿ ಮುಗಿದ ಮೇಲೆ ಬೆಂಗಳೂರಿನ ನೆಂಟರ ಮನೆಯಲ್ಲಿ ಒಂದು ದಿನ ನಿಂತು ಬಂದವನು ಆ ದಿನವನ್ನು ಲೆಕ್ಕದಿಂದ ತೆಗೆದು ಬರೆಯಬೇಕು. ಮುಂಗಡ ಪಡೆದಿದ್ದರೆ ಪ್ರವಾಸ ಮುಗಿದ 15 ದಿನಗಳೊಳಗೆ ಅದರ ಹೊಂದಾಣಿಕೆಯ ಬಿಲ್ಲು ಕೊಡಬೇಕಾಗುತ್ತದೆ; ಮುಂಗಡವಿಲ್ಲದ ಪ್ರವಾಸದ ಬಿಲ್ಲಿಗೆ ಮೊದಲು ಒಂದು ವರ್ಷದ ಅವಕಾಶವಿದ್ದು, 2018ರ ಮಾರ್ಚಿನ ಆದೇಶವು ಅದನ್ನು 60 ದಿನಗಳಿಗೆ ಇಳಿಸಿತು.

ಖಾಸಗಿ ಸಂಸ್ಥೆಗಳ ರೂಢಿಯಲ್ಲಿ ಔಷಧ ಕಂಪನಿಗಳ ಪ್ರತಿನಿಧಿಗಳ ಭತ್ಯೆ ವಿಶೇಷವಾಗಿ ಗಮನಿಸತಕ್ಕದ್ದು, ಏಕೆಂದರೆ ಅವರಲ್ಲಿ ಅನೇಕರ ದುಡಿಮೆಯೇ ನಿತ್ಯದ ಓಡಾಟ. ಸಾಮಾನ್ಯವಾಗಿ ಈ ಕಂಪನಿಗಳು ದಿನವನ್ನು ತಾಸಿನಿಂದ ಅಳೆಯದೆ ಸ್ಥಳದಿಂದ ಅಳೆಯುತ್ತವೆ: ಕೇಂದ್ರಸ್ಥಾನದಲ್ಲೇ ವೈದ್ಯರನ್ನು ಕಂಡ ದಿನಕ್ಕೆ ಒಂದು ದರ, ಹೊರ ಊರಿಗೆ ಹೋಗಿ ಸಂಜೆ ಮರಳಿದ ದಿನಕ್ಕೆ ಅದಕ್ಕಿಂತ ಹೆಚ್ಚಿನ ಎಕ್ಸ್‌ಸ್ಟೇಷನ್ ದರ, ರಾತ್ರಿ ಅಲ್ಲೇ ತಂಗಿದ ದಿನಕ್ಕೆ ಎಲ್ಲಕ್ಕಿಂತ ಹೆಚ್ಚಿನ ಔಟ್‌ಸ್ಟೇಷನ್ ದರ. ನಿಪ್ಪಾಣಿಯನ್ನು ಕೇಂದ್ರವಾಗಿಟ್ಟುಕೊಂಡ ಪ್ರತಿನಿಧಿ ಅಥಣಿಗೆ ಹೋಗಿ ಒಂದು ರಾತ್ರಿ ತಂಗಿ ಕಾಗವಾಡ ಮುಗಿಸಿಕೊಂಡು ಮರುದಿನ ಮರಳಿದರೆ, ತಂಗಿದ ಮೊದಲ ದಿನಕ್ಕೆ ಔಟ್‌ಸ್ಟೇಷನ್ ದರ ಸಿಗುತ್ತದೆ, ಅವನು ಬೆಳಿಗ್ಗೆ ಹೊರಟನೋ ಮಧ್ಯಾಹ್ನವೋ ಎಂಬುದನ್ನು ಕೇಳುವವರಿಲ್ಲ. ಮರಳಿದ ದಿನ ರಾತ್ರಿ ಮನೆಯಲ್ಲೇ ಮಲಗುವುದರಿಂದ ಎಕ್ಸ್‌ಸ್ಟೇಷನ್ ದರಕ್ಕೆ ಇಳಿಯುತ್ತದೆ. ಹೀಗೆ ಇಲ್ಲಿ ಮೊದಲ ದಿನದ ಅಪೂರ್ಣತೆ ಲೆಕ್ಕಕ್ಕೇ ಬಾರದೆ ಕೊನೆಯ ದಿನದ್ದು ಮಾತ್ರ ಉಳಿಯುತ್ತದೆ, ಆ ದಿನ ರಾತ್ರಿ ಹತ್ತಕ್ಕೆ ಮನೆ ಸೇರಿ ಮೂರು ಹೊತ್ತೂ ಹೊರಗೆ ಉಂಡವನಿಗೆ ಇದರಿಂದ ಅನ್ಯಾಯವಾಗುವುದನ್ನು ಒಪ್ಪಬೇಕು. ಕೊನೆಯ ದಿನ ಇಂತಿಷ್ಟು ಗಂಟೆಯ ಅನಂತರ ಮರಳಿದರೆ ಹೆಚ್ಚಿನ ದರ ಸಲ್ಲುತ್ತದೆ ಎಂದು ಒಂದು ಸಾಲನ್ನು ನಿಯಮದಲ್ಲಿ ಸೇರಿಸಿದರೆ ಈ ಕೊರತೆ ನೀಗುತ್ತದೆ.

ತೆರಿಗೆಯ ದೃಷ್ಟಿಯಲ್ಲಿ ಪೂರ್ಣ ದಿನಕ್ಕೂ ಅಪೂರ್ಣ ದಿನಕ್ಕೂ ಭೇದವಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 10(14)ನೇ ಕಲಂ ಮತ್ತು 1962ರ ನಿಯಮಗಳ 2ಬಿಬಿ ನಿಯಮವು ರೂಢಿಗೆ ತಂದ ತತ್ತ್ವದಂತೆ, ನೌಕರನು ತನ್ನ ಕೆಲಸದ ಸ್ಥಳದಿಂದ ದೂರವಿದ್ದಾಗ ಆಗುವ ಸಾಮಾನ್ಯ ದಿನನಿತ್ಯದ ಖರ್ಚಿಗೆಂದು ಕೊಟ್ಟ ಭತ್ಯೆ ಆ ಉದ್ದೇಶಕ್ಕೆ ನಿಜವಾಗಿ ಖರ್ಚಾದ ಮಟ್ಟಿಗೆ ತೆರಿಗೆಯಿಂದ ಹೊರಗುಳಿಯುತ್ತದೆ. 2020ರಲ್ಲಿ ಜಾರಿಗೆ ಬಂದ ಹೊಸ ತೆರಿಗೆ ಪದ್ಧತಿಯಲ್ಲಿಯೂ ಈ ವಿನಾಯಿತಿಯನ್ನು ಉಳಿಸಿಕೊಳ್ಳಲಾಯಿತು. ಕೇಂದ್ರದ ಆದೇಶ ಊಟದ ಚೀಟಿ ಕೇಳದಿದ್ದರೂ ತೆರಿಗೆಯ ನಿಯಮ ಖರ್ಚನ್ನು ಕೇಳುತ್ತದೆ ಎಂಬ ಈ ಅಂತರ ಖಾಸಗಿ ಸಂಸ್ಥೆಗಳಲ್ಲಿ ಹೆಚ್ಚು ತಟ್ಟುತ್ತದೆ. ಸಂಜೆ ಹೊರಟ ಮೊದಲ ದಿನಕ್ಕೂ ಪೂರ್ಣ ದರ ಕೊಡುವ ಸಂಸ್ಥೆಯ ನೌಕರನಲ್ಲಿ ಪ್ರತಿ ಪ್ರವಾಸದಲ್ಲೂ ಹಣ ಉಳಿಯುತ್ತ ಹೋಗುತ್ತದೆ, ಉಳಿದ ಆ ಭಾಗವನ್ನು ತೆರಿಗೆ ಅಧಿಕಾರಿ ವೇತನವೆಂದು ಎಣಿಸಬಹುದು. ಮೊದಲ ಮತ್ತು ಕೊನೆಯ ದಿನಗಳಿಗೆ ತಾಸಿನ ಮೆಟ್ಟಿಲನ್ನೋ ನಿಗದಿತ ಅರ್ಧ ದರವನ್ನೋ ಲಿಖಿತ ನಿಯಮದಲ್ಲಿ ಇಟ್ಟುಕೊಂಡು, ಹೊರಟ ಮತ್ತು ಮರಳಿದ ಗಂಟೆಯನ್ನು ಪ್ರತಿ ಬಿಲ್ಲಿನಲ್ಲಿ ಬರೆಸಿಕೊಳ್ಳುವ ಸಂಸ್ಥೆಗೆ, ಕೊಟ್ಟ ಭತ್ಯೆ ಆಗಿರಬಹುದಾದ ಖರ್ಚಿಗೆ ಹತ್ತಿರವಾಗಿದೆ ಎಂದು ತೋರಿಸಲು ಆ ಬಿಲ್ಲುಗಳೇ ಆಧಾರವಾಗುತ್ತವೆ.